ಏಳು ಸಾಲು, ಹತ್ತು ಬಾಕ್ಸು

ಅಣಶಿಯಲ್ಲಿ ಮಳೆಗಾಲ ಹಿಡಿದರೆ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವಂತಿಲ್ಲ. ಎನ್‌ಪಿಟಿಇಎಲ್‌ನಲ್ಲಿ ಮಾಧವನ್ ಮುಕುಂದ್ ಅವರ ಅಲ್ಗಾರಿದಮ್ ಪಾಠಗಳು ಬಿಟ್ಟಿಯಾಗಿ ಸಿಗುತ್ತವೆ, ಸೊಗಸಾಗಿವೆ. ಆದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವಿನ ಊರುಗಳಿಂದ ದಾಂಡೇಲಿಗೆ ಬಿಸಿಎ ಓದಲು ಬಸ್ಸಿನಲ್ಲಿ ಹೋಗಿಬರುವ ಮಕ್ಕಳಿಗೆ ಮನೆಯಲ್ಲಿ ವಿಡಿಯೊ ಓಡುವುದಿಲ್ಲ. ಅದಕ್ಕಾಗಿ ನಾನು ಪಾಠಗಳನ್ನು ಎ4 ಹಾಳೆಗೆ ಇಳಿಸಲು ಶುರುಮಾಡಿದೆ. ಹಾಳೆಯನ್ನು ಅಡ್ಡ ಹಿಡಿದರೆ ಎಡಕ್ಕೆ ಸೂಡೊಕೋಡ್, ಬಲಕ್ಕೆ ಫ್ಲೋಚಾರ್ಟ್, ಕೆಳಗೆ ಹೋಲಿಕೆಯ ಪಟ್ಟಿ. ಈ ಮೂರನ್ನು ಒಂದಕ್ಕೊಂದು ಕಟ್ಟುವುದು ಹೇಗೆ ಎನ್ನುವುದನ್ನು ನನಗೆ ಚೆನ್ನಾಗಿ ಕಲಿಸಿದ್ದು ಇನ್ಸರ್ಷನ್ ಸಾರ್ಟಿನ ಹಾಳೆ.

ನಮ್ಮ ಕಡೆ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಲೆವಿಟಿನ್ ಪುಸ್ತಕದ ರೀತಿಯಲ್ಲೇ ಸೂಡೊಕೋಡ್ ಇಟ್ಟುಕೊಂಡೆ. ಸಾಲಿಗೆ ನಂಬರು ಮಾತ್ರ ನನ್ನದು.

```
1 for i ← 1 to n-1 do
2   v ← A[i]
3   j ← i-1
4   while j ≥ 0 and A[j] > v do
5     A[j+1] ← A[j]
6     j ← j-1
7   A[j+1] ← v
```

ಇದನ್ನು ಪಕ್ಕದಲ್ಲಿ ಚಿತ್ರ ಮಾಡಲು ಕೂತಾಗ ಪಕ್ಕದ ಮನೆಯ ಹುಡುಗಿ ಕೇಳಿದಳು: “ಸರ್, ಫಾರ್ ಲೂಪಿಗೆ ಯಾವ ಬಾಕ್ಸು?” ಅದಕ್ಕೆಂದೇ ಒಂದು ಬಾಕ್ಸು ಹಾಕಿ ಮುಗಿಸಿದರೆ ಲೂಪು ಎಲ್ಲಿ ತಿರುಗುತ್ತದೆ, ಎಲ್ಲಿ ಹೊರಬೀಳುತ್ತದೆ ಎನ್ನುವುದು ಕಾಣುವುದೇ ಇಲ್ಲ. 1ನೇ ಸಾಲಿನಲ್ಲಿ ಮೂರು ಕೆಲಸ ಅಡಗಿವೆ: i ಗೆ 1 ಕೊಡುವುದು, i ಇನ್ನೂ n-1 ದಾಟಿಲ್ಲವೇ ಎಂದು ನೋಡುವುದು, ಸುತ್ತು ಮುಗಿದ ಮೇಲೆ i ಯನ್ನು ಒಂದು ಏರಿಸುವುದು. ಆದ್ದರಿಂದ ಚಿತ್ರದಲ್ಲಿ ಅದು 1ಅ, 1ಆ, 1ಇ ಎಂದು ಮೂರು ಬಾಕ್ಸಾಯಿತು. 1ಇ ಇರುವುದು ಚಿತ್ರದ ತಳದಲ್ಲಿ, 7ನೆಯದರ ನಂತರ. ಎಡಗಡೆ ಮೊದಲ ಸಾಲಿನಲ್ಲಿ ಓದಿದ್ದು ಬಲಗಡೆ ಕೊನೆಯಲ್ಲಿ ನಡೆಯುತ್ತದೆ ಎನ್ನುವುದನ್ನು ನಂಬರೇ ತೋರಿಸಿಕೊಡುತ್ತದೆ. ಅವಳಿಗೆ ನಾನು ಬೇರೆ ವಿವರಣೆ ಕೊಡಬೇಕಾಗಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು 4ನೇ ಸಾಲು. ಅಲ್ಲಿರುವ `and` ಒಂದೇ ಶಬ್ದವಾದರೂ ಪ್ರಶ್ನೆ ಎರಡು. ಇನ್ನೂ ಅರೇ ಒಳಗೇ ಇದ್ದೇವೆಯೇ? ಅಲ್ಲಿರುವ ಸಂಖ್ಯೆ v ಗಿಂತ ದೊಡ್ಡದೇ? ಎರಡನ್ನೂ ಒಂದೇ ಡೈಮಂಡಿನಲ್ಲಿ ತುರುಕಿದ ಚಿತ್ರಗಳು ಬೇಕಾದಷ್ಟಿವೆ. ನಾನು ಬಿಡಿಸಿ 4ಅ, 4ಆ ಎಂದು ಎರಡು ಡೈಮಂಡು ಮಾಡಿದೆ. 4ಅ ದಲ್ಲಿ ‘ಇಲ್ಲ’ ಎಂದು ಬಂದರೆ 4ಆ ಕಡೆ ಹೋಗದೆ ನೇರ 7ಕ್ಕೆ ಇಳಿಯಬೇಕು. ಹೀಗೆ ಏಳು ಸಾಲು, ಪ್ರಾರಂಭ–ಮುಕ್ತಾಯ ಬಿಟ್ಟು, ಹತ್ತು ಬಾಕ್ಸಾದವು.

ಬಿಡಿಸಿದ್ದರ ಫಲ ಲೆಕ್ಕ ಹಾಕುವಾಗ ಸಿಕ್ಕಿತು. ಈ ಅಲ್ಗಾರಿದಮ್ಮಿನ ಕಾಂಪ್ಲೆಕ್ಸಿಟಿ ಎಂದರೆ 4ಆ ಡೈಮಂಡನ್ನು ಎಷ್ಟು ಸಲ ಹಾಯುತ್ತೇವೆ ಎನ್ನುವುದೇ. 30, 10, 40, 20, 50 ತೆಗೆದುಕೊಳ್ಳಿ. 10ನ್ನು ಕೂರಿಸಲು 30ರ ಜೊತೆ ಒಂದು ಹೋಲಿಕೆ ಸಾಕು. 40ಕ್ಕೂ ಒಂದೇ, ಅದು ಇದ್ದಲ್ಲೇ ಉಳಿಯುತ್ತದೆ. 20ನ್ನು 40, 30, 10ರ ಜೊತೆ ನೋಡಬೇಕು, ಮೂರು. 50ಕ್ಕೆ ಮತ್ತೆ ಒಂದು. ಒಟ್ಟು 6. ಇದೇ ಓಟದಲ್ಲಿ 4ಅ ಡೈಮಂಡನ್ನು ಹಾಯ್ದದ್ದು 7 ಸಲ. ಹೆಚ್ಚಾದ ಆ ಒಂದು ಯಾವುದು? 10 ಎಡತುದಿಯವರೆಗೂ ಸರಿದು, j ಎನ್ನುವುದು -1 ಆಗಿ, 4ಅ ದಲ್ಲೇ ಹೊರಬಿದ್ದ ಸಲ. ಹೊಸದಾಗಿ ಬಂದ ಸಂಖ್ಯೆ ಅದುವರೆಗಿನ ಎಲ್ಲಕ್ಕಿಂತ ಚಿಕ್ಕದಾದಾಗಲೆಲ್ಲ 4ಅ, 4ಆ ಲೆಕ್ಕಗಳ ನಡುವೆ ಇಂಥ ಒಂದು ಅಂತರ ಸೇರುತ್ತದೆ. ಒಂದೇ ಡೈಮಂಡಿನಲ್ಲಿ ಇದು ಕಾಣುವುದು ಸಾಧ್ಯವೇ ಇಲ್ಲ.

ಈ ಎರಡು ಡೈಮಂಡುಗಳನ್ನು ಅದಲು ಬದಲು ಮಾಡಿದರೆ ಆಗುವ ತಪ್ಪು ತುಂಬ ಕಳ್ಳ ತಪ್ಪು. j -1 ಆಗಿರುವಾಗಲೇ `A[j]` ನೋಡಿದಂತಾಗುತ್ತದೆ. ಜಾವಾ ಆದರೆ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಸಿ ಭಾಷೆಯಲ್ಲಿ ಅರೇ ಹೊರಗಿನ ಮೆಮೊರಿ ಓದಿದಂತೆ, ಏನಾಗುತ್ತದೋ ಹೇಳಲಾಗದು. ಪೈಥಾನ್ ಸದ್ದೇ ಮಾಡುವುದಿಲ್ಲ, ಏಕೆಂದರೆ ಅಲ್ಲಿ `A[-1]` ಎಂದರೆ ಕೊನೆಯ ಸಂಖ್ಯೆ. ನಮ್ಮ ಉದಾಹರಣೆಯಲ್ಲಿ ಅದು 50 ಅನ್ನು 10ರ ಜೊತೆ ಹೋಲಿಸಿ, ಆಮೇಲೆ j ನೋಡಿ ಹೊರಬರುತ್ತದೆ. ಉತ್ತರ ಸರಿಯಾಗಿಯೇ ಬರುತ್ತದೆ, ಹೋಲಿಕೆಯ ಲೆಕ್ಕ ಮಾತ್ರ 6ರ ಬದಲು 7 ಆಗುತ್ತದೆ. ಆದ್ದರಿಂದ ಹಾಳೆ ಕೊಟ್ಟ ಮೇಲೆ ನಾನು ‘ಅರ್ಥವಾಯಿತಾ’ ಎಂದು ಕೇಳುವುದಿಲ್ಲ. ಸೂಡೊಕೋಡಿನ ಕಡೆ ಮಡಚಿ, ಬರೀ ಚಿತ್ರ ಹಿಡಿದು ಐದು ಸಂಖ್ಯೆ ಓಡಿಸಲು ಹೇಳಿ, 4ಆ ಎಷ್ಟು ಎಂದು ಕೇಳುತ್ತೇನೆ. 6 ಬಂದರೆ ಸರಿ. 7 ಬಂದರೆ ಬೇರೆ ಡೈಮಂಡು ಎಣಿಸಿದ್ದಾರೆ, ಇಲ್ಲವೇ ಕ್ರಮ ತಿರುಗಿಸಿದ್ದಾರೆ.

ಉದಾಹರಣೆಯ ಸಂಖ್ಯೆಗಳನ್ನೂ ಇದೇ ಕಾರಣಕ್ಕೆ ಆರಿಸಿಕೊಳ್ಳಬೇಕು. ಐದು ಸಂಖ್ಯೆಗೆ ಇನ್ಸರ್ಷನ್ ಸಾರ್ಟಿನಲ್ಲಿ ಅತಿ ಕಡಿಮೆ ಹೋಲಿಕೆ 4, ಅತಿ ಹೆಚ್ಚು 10. 4ಆ ಲೆಕ್ಕವೂ 10 ಬರುವಂಥ ಉದಾಹರಣೆ ಕೊಟ್ಟರೆ, ಹುಡುಗರು ಎಣಿಸಿ ಹೇಳಿದರೋ ಸೂತ್ರ ನೋಡಿ ಹೇಳಿದರೋ ತಿಳಿಯುವುದಿಲ್ಲ.

ಕೆಳಗಿನ ಹೋಲಿಕೆಯ ಪಟ್ಟಿಯಲ್ಲಿ O(n²), O(n log n) ಎಂದಷ್ಟೇ ಬರೆಯುವ ರೂಢಿಯಿದೆ. ನನಗೆ ಅದು ಸಾಲದು ಅನಿಸಿತು. ಏನನ್ನು ಎಣಿಸುತ್ತಿದ್ದೇವೆ ಎನ್ನುವುದನ್ನು ಪಟ್ಟಿಯ ತಲೆಯಲ್ಲೇ ಬರೆದು, 1000 ಸಂಖ್ಯೆಗಳಿಗೆ ಹೋಲಿಕೆಗಳ ಲೆಕ್ಕ ಕೊಟ್ಟೆ. ಇನ್ಸರ್ಷನ್ ಸಾರ್ಟಿಗೆ ಅತಿ ಹೆಚ್ಚು 4,99,500, ಮರ್ಜ್ ಸಾರ್ಟಿಗೆ 8,977. ಇಷ್ಟು ನೋಡಿದರೆ ಮರ್ಜ್ ಸಾರ್ಟೇ ಸೈ. ಆದರೆ ಮೊದಲೇ ಸಾಲಾಗಿ ಜೋಡಿಸಿದ ಸಂಖ್ಯೆಗಳನ್ನು ಕೊಟ್ಟು ನೋಡಿ: ಇನ್ಸರ್ಷನ್ ಸಾರ್ಟ್ 999 ಹೋಲಿಕೆಯಲ್ಲಿ ಮುಗಿಸುತ್ತದೆ, ಮರ್ಜ್ ಸಾರ್ಟ್ ಆಗಲೂ 4,932 ಮಾಡುತ್ತದೆ. ಐದೇ ಸಂಖ್ಯೆಯಾದರೆ ಅತಿ ಕೆಟ್ಟ ಸಂದರ್ಭದಲ್ಲೂ 10ಕ್ಕೆ 8, ಹೇಳಿಕೊಳ್ಳುವ ಅಂತರವೇ ಇಲ್ಲ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನಿಗೆ ಬರೆದ ಸಾರ್ಟ್, ಚಿಕ್ಕ ತುಂಡುಗಳನ್ನು ಇನ್ಸರ್ಷನ್ ಸಾರ್ಟಿನಿಂದ ಜೋಡಿಸಿ ಆಮೇಲೆ ಮರ್ಜ್ ಮಾಡುವುದು ಏಕೆ ಎನ್ನುವುದಕ್ಕೆ ಈ ಪಟ್ಟಿಯಲ್ಲೇ ಉತ್ತರವಿದೆ.

ಮರ್ಜ್ ಸಾರ್ಟಿನ ಹಾಳೆಯಲ್ಲಿ ಈ ಜೋಡಿ ಪದ್ಧತಿ ಪೂರ್ತಿ ನಡೆಯಲಿಲ್ಲ. ತನ್ನನ್ನು ತಾನೇ ಕರೆಯುವ ಕೆಲಸವನ್ನು ಫ್ಲೋಚಾರ್ಟಿನಲ್ಲಿ ಬಾಣ ಹಾಕಿ ಮೇಲಕ್ಕೆ ತಿರುಗಿಸಿದರೆ ಅದು ಲೂಪಿನಂತೆ ಕಾಣುತ್ತದೆ. ಎಡ ಅರ್ಧ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎನ್ನುವುದು ಚಿತ್ರದಲ್ಲಿ ಉಳಿಯುವುದಿಲ್ಲ. ಅದಕ್ಕೆ ಎರಡು ಸಾಲಾದ ಅರ್ಧಗಳನ್ನು ಕೂಡಿಸುವ ಮರ್ಜ್ ಭಾಗಕ್ಕೆ ಮಾತ್ರ ಫ್ಲೋಚಾರ್ಟ್ ಬರೆದೆ. ಒಡೆಯುವ ಭಾಗಕ್ಕೆ ಎಂಟು ಸಂಖ್ಯೆಯನ್ನು ನಾಲ್ಕು, ಎರಡು, ಒಂದು ಎಂದು ಇಳಿಸುವ ಮರದ ಚಿತ್ರ ಹಾಕಿ, ಪ್ರತಿ ಹಂತದ ಪಕ್ಕ ಅತಿ ಹೆಚ್ಚು ಹೋಲಿಕೆಯ ಲೆಕ್ಕ ಬರೆದೆ: ಕೆಳಗಿನಿಂದ 4, 6, 7, ಒಟ್ಟು 17.

ಜೋಯಿಡಾದಲ್ಲಿ ಝೆರಾಕ್ಸ್ ಮಾಡಿಸುವಾಗ ಇನ್ನೊಂದು ಗೊತ್ತಾಯಿತು. ಹಸಿರು ಬಾಣ ಹೌದು, ಕೆಂಪು ಬಾಣ ಇಲ್ಲ ಎಂದು ಬಣ್ಣ ಹಚ್ಚಿದರೆ ಕಪ್ಪು–ಬಿಳುಪಿನಲ್ಲಿ ಎರಡೂ ಒಂದೇ. ಪ್ರತಿ ಡೈಮಂಡಿನ ಬಾಯಲ್ಲೂ ‘ಹೌದು’, ‘ಇಲ್ಲ’ ಎಂದು ಅಕ್ಷರದಲ್ಲೇ ಬರೆಯಬೇಕು. ಇಂಕ್‌ಜೆಟ್ಟಿನ ಪ್ರಿಂಟು ನಮ್ಮ ಮಳೆಗೆ ಕದಡಿಹೋಗುತ್ತದೆ, ಝೆರಾಕ್ಸ್ ಪ್ರತಿ ಚೀಲದೊಳಗೆ ಒದ್ದೆಯಾದರೂ ಓದಲು ಬರುತ್ತದೆ. ಪಟ್ಟಿಯ ಕೆಳಗೆ ಈಗ ಒಂದು ಖಾಲಿ ಸಾಲು ಬಿಡುತ್ತೇನೆ. ತಮಗೆ ಬೇಕಾದ ಐದು ಸಂಖ್ಯೆ ಹಾಕಿ 4ಅ, 4ಆ ಎರಡನ್ನೂ ಅವರೇ ತುಂಬಬೇಕು. ಪಕ್ಕದ ಮನೆಯ ಹುಡುಗಿ ಹಾಕಿದ್ದು 50, 40, 30, 20, 10. ಅವಳಿಗೆ ಬಂದದ್ದು 14 ಮತ್ತು 10, ಅಂತರ ನಾಲ್ಕು ಏಕೆ ಎನ್ನುವುದನ್ನೂ ಪಕ್ಕದಲ್ಲಿ ಅವಳೇ ಬರೆದಿದ್ದಳು.