ಸೊನ್ನೆ ಹಾಕುವ ಮುನ್ನ

ನಿನ್ನೆ ಫೋನಿನಲ್ಲಿ ನೀನು, “ಎರಡು ಸಾಲು ಓದಿದರೆ ಸಾಕು ಸರ್, ಚಾಟ್‌ಜಿಪಿಟಿ ಬರೆದದ್ದು ಯಾವುದು ಅಂತ ಗೊತ್ತಾಗಿಬಿಡುತ್ತೆ, ಆ ಮೂರು ಅಸೈನ್‌ಮೆಂಟಿಗೆ ಸೊನ್ನೆ ಹಾಕ್ತೀನಿ” ಅಂದೆಯಲ್ಲ, ಆಗಿನಿಂದ ಮನಸ್ಸು ತಡೆಯುತ್ತಿಲ್ಲ. ಪೆನ್ನು ಸ್ವಲ್ಪ ಕೆಳಗಿಡು, ಮಗಳೇ.

2021ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸಾಮಾನ್ಯ ಓದುಗರ ಮುಂದೆ ಇಂಗ್ಲಿಷಿನ ಕತೆ, ಸುದ್ದಿ, ಅಡುಗೆ ವಿಧಾನಗಳನ್ನಿಟ್ಟು, ಇದು ಮನುಷ್ಯರದೋ ಯಂತ್ರದ್ದೋ ಎಂದು ಕೇಳಿದರು. ಜಿಪಿಟಿ-3 ಬರೆದದ್ದನ್ನು ಬೆರೆಸಿಟ್ಟಾಗ ನೂರಕ್ಕೆ 50ರಷ್ಟು ಉತ್ತರ ಸರಿಯಾದವು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆಮೇಲೆ ಬೇರೆ ಓದುಗರಿಗೆ ಮೂರು ಬಗೆಯಲ್ಲಿ ಚುಟುಕು ತರಬೇತಿ ಕೊಟ್ಟರು. ಉದಾಹರಣೆಗಳನ್ನು ತೋರಿಸಿ ಕಲಿಸಿದ್ದೇ ಹೆಚ್ಚು ಫಲ ಕೊಟ್ಟಿತು, ಅದೂ 55ರ ಆಸುಪಾಸಿಗೆ ಮುಟ್ಟಿತು ಅಷ್ಟೆ. ಕಾರಣ ಕೇಳಿದಾಗ ತರಬೇತಿಯಿಲ್ಲದವರಲ್ಲಿ ಬಹಳ ಮಂದಿ ಕಾಗುಣಿತ, ವ್ಯಾಕರಣ, ಶೈಲಿಯ ಕಡೆಗೇ ಬೆರಳು ತೋರಿಸಿದ್ದರು.

ಪಳಗಿದ ಕಣ್ಣೂ ಉಂಟು, ಇಲ್ಲವೆನ್ನುವುದಿಲ್ಲ. 2025ರ ಇನ್ನೊಂದು ಅಧ್ಯಯನದಲ್ಲಿ, ಬರವಣಿಗೆಗೆಂದೇ ಈ ಯಂತ್ರಗಳನ್ನು ಪದೇಪದೇ ಬಳಸುವ ಐವರು 300 ಇಂಗ್ಲಿಷ್ ಲೇಖನ ಓದಿದರು. ಅವರ ಬಹುಮತದ ತೀರ್ಪು ತಪ್ಪಿದ್ದು ಒಂದೇ ಒಂದು ಲೇಖನದಲ್ಲಿ. ಬಳಕೆಯಿಲ್ಲದವರ ಗತಿ ಮಾತ್ರ ಬೇರೆ: ಯಂತ್ರದ ಬರಹಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಹಿಡಿದರು, ಮನುಷ್ಯರು ಬರೆದದ್ದರಲ್ಲೂ ಸುಮಾರು ಅರ್ಧವನ್ನು ಯಂತ್ರದ್ದೆಂದರು. ಇದನ್ನು ನಿನ್ನ ತರಗತಿಗೆ ತಂದು ನೋಡು. 40 ಮಕ್ಕಳಲ್ಲಿ ನಾಲ್ವರು ಯಂತ್ರದಿಂದ ಬರೆಸಿದ್ದಾರೆ ಎಂದಿಟ್ಟುಕೋ. ಅಂಥ ಓದುಗರು ಇಪ್ಪತ್ತು ಮಕ್ಕಳನ್ನು ಅನುಮಾನಿಸುತ್ತಾರೆ, ಅವರಲ್ಲಿ ಹದಿನೆಂಟು ಜನ ತಾವೇ ಕೂತು ಬರೆದವರು.

ಹಾಗಿದ್ದರೆ ನಿನಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ನಿನ್ನ ಕಣ್ಣು ತಪ್ಪಿಸಿಕೊಂಡು ಹೋದ ಬರಹ ವಾಪಸು ಬಂದು “ನಾನು ಯಂತ್ರದ್ದು” ಅನ್ನುವುದಿಲ್ಲ. ನೀನು ತಪ್ಪಾಗಿ ಹಿಡಿದ ಹುಡುಗಿ ಅತ್ತರೂ ಅದು ನಿನಗೆ ನಾಟಕವಾಗಿ ಕಾಣುತ್ತದೆ. ನೆನಪಿನಲ್ಲಿ ಉಳಿಯುವುದು ಒಪ್ಪಿಕೊಂಡ ಒಂದಿಬ್ಬರು ಮಾತ್ರ. ಉತ್ತರಪತ್ರಿಕೆಗಳ ನಡುವೆ ಮೂವತ್ತು ವರ್ಷ ಕಳೆದ ನನಗೂ ಈ ವಿಷಯದಲ್ಲಿ ನನ್ನ ಊಹೆ ಸರಿಯೋ ತಪ್ಪೋ ಎಂದು ಯಾರೂ ಹೇಳಿದ್ದಿಲ್ಲ. ಹೇಳುವವರಿಲ್ಲದೆ ವರ್ಷಗಳು ಕಳೆದರೆ ಧೈರ್ಯ ಬೆಳೆಯುತ್ತದೆ, ಕಣ್ಣು ಬೆಳೆಯುವುದಿಲ್ಲ.

ಒಂದು ಕೆಲಸ ಮಾಡು. 2022ಕ್ಕಿಂತ ಹಿಂದಿನ ಇಪ್ಪತ್ತು ಪ್ರಬಂಧ ಕಪಾಟಿನಿಂದ ತೆಗೆ. ಅವೇ ವಿಷಯಗಳ ಮೇಲೆ ಯಂತ್ರದಿಂದ ಇಪ್ಪತ್ತು ಬರೆಸಿ, ಹೆಸರಿಲ್ಲದೆ ಕಲಸಿ ಕೊಡಲು ಸಹೋದ್ಯೋಗಿಗೆ ಹೇಳು. ಕನ್ನಡದಲ್ಲೇ ಇರಲಿ, ಇಂಗ್ಲಿಷಿನ ಲೆಕ್ಕವನ್ನು ನಮ್ಮ ಮಕ್ಕಳ ಬರಹಕ್ಕೆ ಹಾಗೇ ಹಚ್ಚಲಾಗದು. ಪ್ರತಿಯೊಂದರ ಪಕ್ಕ ನಿನ್ನ ತೀರ್ಪನ್ನೂ, ಅದರಲ್ಲಿ ನೂರಕ್ಕೆ ಎಷ್ಟು ಭರವಸೆ ಎಂಬುದನ್ನೂ ಬರೆ. ಗುಟ್ಟು ಬಿಚ್ಚಿದ ಮೇಲೆ, 90 ಎಂದು ಬರೆದವನ್ನಷ್ಟೇ ಬೇರೆ ಮಾಡಿ, ಎಷ್ಟು ಸರಿಯಿವೆ ಎಣಿಸು. ಹತ್ತಕ್ಕೆ ಆರೇ ಸರಿಯಿದ್ದರೆ, ನಿನ್ನ 90ರ ನಿಜವಾದ ಬೆಲೆ 60.

ಆ ಮೂವರನ್ನು ನಾಳೆ ಒಬ್ಬೊಬ್ಬರನ್ನಾಗಿ ಕರೆ. ಬರೆದದ್ದರ ಬಗ್ಗೆ ಬಾಯಲ್ಲಿ ಕೇಳು, ಕಚ್ಚಾ ಹಾಳೆ ಇದ್ದರೆ ತೋರಿಸಲು ಹೇಳು.