ನಿವೃತ್ತಿಯ ಮಾತು: ಕನ್ನಡದ ನಡುವೆ ಇಂಗ್ಲಿಷ್ ಎಲ್ಲಿ, ಎಷ್ಟು?

ಸರ್ಕಾರಿ ಬ್ಯಾಂಕಿನ ಮ್ಯಾನೇಜರರಿಗೆ ಅರವತ್ತು ತುಂಬುವ ತಿಂಗಳ ಕೊನೆಯ ದಿನ ಶಾಖೆಯಲ್ಲಿ ಒಂದು ಬೀಳ್ಕೊಡುಗೆ ನಡೆಯುತ್ತದೆ. ಅದು ಹಿಂದಿ, ಇಂಗ್ಲಿಷಿನಲ್ಲಿ ಮುಗಿದುಹೋಗುತ್ತದೆ. ತಲೆನೋವು ಬರುವುದು ಆಮೇಲಿನ ಭಾನುವಾರ, ಊರಿನವರೂ ಸಂಘದವರೂ ಸೇರಿ ಡೊಂಬಿವಲಿಯಲ್ಲಿ ಹಾಲ್ ಹಿಡಿದು ಸನ್ಮಾನ ಇಟ್ಟುಕೊಂಡಾಗ. ಕಲ್ಯಾಣದ ಸಂಬಂಧಿಕರು, ಠಾಣೆಯ ಗೆಳೆಯರು ಕನ್ನಡ ಬಲ್ಲವರು. ಅವರ ಪಕ್ಕದಲ್ಲೇ ಶಾಖೆಯ ಮರಾಠಿ ಕ್ಲರ್ಕು, ಖಾತೆದಾರರಾದ ಗುಜರಾತಿ ಅಂಗಡಿಯವರು, ವಾಶಿಯಿಂದ ಠಾಣೆಗೆ ಬಂದು ಗಾಡಿ ಬದಲಿಸಿ ಬಂದ ಮಲಯಾಳಿ ಸಹೋದ್ಯೋಗಿ ಕೂತಿರುತ್ತಾರೆ.

ಕಳೆದ ವರ್ಷ ಕಾರ್ಕಳ ಕಡೆಯ ನನ್ನ ಗೆಳೆಯರೊಬ್ಬರ ಇಂಥ ಭಾಷಣಕ್ಕೆ ನಾನು ಜೊತೆಗೆ ಕೂತು ಬರೆದೆ. ಆಗ ನಾವು ಹಿಡಿದ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಬರೆಯುವ ಮೊದಲು

ಮೊದಲು ಬರುವವರ ಪಟ್ಟಿ ತೆಗೆದುಕೊಂಡು, ಕನ್ನಡ ಬಾರದವರ ಹೆಸರಿನ ಮುಂದೆ ಒಂದು ಚುಕ್ಕೆ ಇಡಿ. ನೂರಿಪ್ಪತ್ತು ಜನರಲ್ಲಿ ನಮಗೆ ಮೂವತ್ತು ಚುಕ್ಕೆ ಬಂದವು. ಚುಕ್ಕೆ ಅರ್ಧಕ್ಕಿಂತ ಹೆಚ್ಚಾದರೆ ಹಟ ಹಿಡಿಯದೆ ಮಾತನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕಟ್ಟಿ, ಕನ್ನಡವನ್ನು ಮನೆಯವರ ಭಾಗಕ್ಕೆ ಇಟ್ಟುಕೊಳ್ಳಿ. ಕಾಲು ಭಾಗವಿದ್ದರೆ ಕನ್ನಡವೇ ಇರಲಿ.

ಏಳು ನಿಮಿಷ ಸಾಕು. ನಿಮ್ಮ ಸರದಿ ಬರುವಷ್ಟರಲ್ಲಿ ಐದಾರು ಜನ ಮಾತಾಡಿರುತ್ತಾರೆ, ದೂರದವರು ಲೋಕಲ್ ಹಿಡಿಯಬೇಕು. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಯಾವಾಗಲೂ ಕಡಿಮೆ ಹೊತ್ತು ತೋರಿಸುತ್ತದೆ.

ಇಂಗ್ಲಿಷ್ ಎಲ್ಲಿ ಕೂರಬೇಕು

ನಮ್ಮ ಮೊದಲ ಕರಡಿನಲ್ಲಿ ಒಂದು ವಾಕ್ಯ ಹೀಗಿತ್ತು: ‘ಐ ಜಾಯಿನ್ಡ್ ದಿ ಬ್ಯಾಂಕ್ ಮಂಗಳೂರಿನಲ್ಲಿ, ಆಮೇಲೆ ಐ ವಾಸ್ ಟ್ರಾನ್ಸ್‌ಫರ್ಡ್ ಮುಂಬಯಿಗೆ.’ ಓದಿದರೆ ಎಡವಿದ ಹಾಗಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಮುಂಚೆಯೇ ಬಂದುಬಿಡುತ್ತದೆ. ನಡುವೆ ಭಾಷೆ ಹೊರಳಿಸಿದರೆ ಎರಡೂ ಕಡೆಯವರಿಗೆ ಅರ್ಧ ವಾಕ್ಯವೇ ಸಿಗುತ್ತದೆ. ಅದೇ ‘ಮುಂಬಯಿಗೆ ಟ್ರಾನ್ಸ್‌ಫರ್ ಆಯಿತು’ ಎಂದರೆ ತೊಡಕಿಲ್ಲ. ಇಂಗ್ಲಿಷ್ ಪದ ಬಂದರೂ ಕ್ರಿಯೆ ಕನ್ನಡದ್ದೇ. ಹಾಗಾಗಿ ಲೋನ್, ಕ್ಯಾಶ್ ಟ್ಯಾಲಿ, ಕ್ಲಿಯರಿಂಗ್, ಸ್ಟ್ರಾಂಗ್ ರೂಮ್ ಇವನ್ನು ಕನ್ನಡಿಸುವ ಕಷ್ಟ ಬೇಡ. ದಿನವೂ ಬಾಯಲ್ಲಿ ಆಡಿದ ಮಾತುಗಳು ಅವು, ಕನ್ನಡ ಬಾರದವರೂ ಅವುಗಳ ಗುರುತು ಹಿಡಿದು ಕಥೆಯ ಹಿಂದೆ ಬರುತ್ತಾರೆ.

ಇಡೀ ಇಂಗ್ಲಿಷ್ ವಾಕ್ಯ ಬೇಕಾಗುವುದು ಪ್ರತಿ ಭಾಗದ ಬಾಗಿಲಲ್ಲಿ, ಒಂದೇ ಒಂದು. ಮುಂದೆ ಏನು ಬರುತ್ತದೆ ಎಂದು ಅದು ಹೇಳಬೇಕು. ಬಹಳ ಜನ ಕನ್ನಡದಲ್ಲಿ ಹೇಳಿ ಮುಗಿಸಿ, ಅದನ್ನೇ ಇಂಗ್ಲಿಷಿನಲ್ಲಿ ಮತ್ತೆ ಹೇಳುತ್ತಾರೆ. ಆಗ ಸಭೆ ಎರಡು ಕಂತಿನಲ್ಲಿ ನಗುತ್ತದೆ, ಕನ್ನಡದವರಿಗೆ ಕೇಳಿದ್ದೇ ಕೇಳಿ ಬೇಸರ ಬರುತ್ತದೆ. ಮೊದಲೇ ಸುಳಿವು ಕೊಟ್ಟರೆ ಉಳಿದದ್ದನ್ನು ನಿಮ್ಮ ಮುಖ, ಕೈ, ಬ್ಯಾಂಕಿನ ಪದಗಳು ತಲುಪಿಸುತ್ತವೆ.

ಬ್ಯಾಂಕಿನ ಹೆಸರು

ಈ ಭಾಗದಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು. ಗೆಳೆಯರು ಸೇರಿದ್ದು ವಿಜಯಾ ಬ್ಯಾಂಕಿಗೆ, ನಿವೃತ್ತರಾದದ್ದು ಬ್ಯಾಂಕ್ ಆಫ್ ಬರೋಡಾದಿಂದ. 2019ರ ಏಪ್ರಿಲ್ 1ರಂದು ವಿಜಯಾ, ದೇನಾ ಎರಡೂ ಬರೋಡಾದಲ್ಲಿ ಸೇರಿಹೋದವು. ಸಭೆಯಲ್ಲಿ ಮೂರು ಮನೆಯವರೂ ಇದ್ದರು. ಕರಾವಳಿಯವರ ಎದುರು ವಿಜಯಾದ ಹೆಸರು ಬಂದರೆ ಗಂಟಲು ಕಟ್ಟುವುದು ಸಹಜ. ಆದರೆ ‘ನಮ್ಮ ಹಳೆಯ ಬ್ಯಾಂಕೇ ಚೆನ್ನಾಗಿತ್ತು’ ಎಂಬ ಧ್ವನಿ ಬಂತೋ, ಆರು ವರ್ಷ ಜೊತೆಗೆ ದುಡಿದವರು ಹೊರಗಿನವರಾಗುತ್ತಾರೆ. ಕೊನೆಗೆ ಹೀಗೆ ಬರೆದೆವು:

‘ಥ್ರೀ ಬ್ಯಾಂಕ್ಸ್, ಬಟ್ ಒನ್ ಕೌಂಟರ್. ಎ. ಬಿ. ಶೆಟ್ಟಿಯವರು 1931ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಮನೆಗೆ ನಾನು ಹುಡುಗನಾಗಿ ಬಂದೆ. ಸಯಾಜಿರಾವ್ ಗಾಯಕವಾಡರು 1908ರಲ್ಲಿ ಕಟ್ಟಿದ ಮನೆಯಿಂದ ಇಂದು ಹೊರಡುತ್ತಿದ್ದೇನೆ. ನಡುವೆ ಮುಂಬಯಿಯ ದೇನಾದವರು ಜೊತೆಯಾದರು.’

ಆಮೇಲೆ ಮಾತು ಮುಗಿಯುವವರೆಗೂ ‘ನಮ್ಮ ಬ್ಯಾಂಕ್’ ಮಾತ್ರ. ಸಿಂಡಿಕೇಟ್‌ನಿಂದ ಕೆನರಾಕ್ಕೆ, ಕಾರ್ಪೊರೇಷನ್‌ನಿಂದ ಯೂನಿಯನ್ ಬ್ಯಾಂಕಿಗೆ ಬಂದವರಿಗೂ ಇದೇ ಅಳತೆ ಹೊಂದುತ್ತದೆ. ಅವುಗಳ ವಿಲೀನ 2020ರ ಏಪ್ರಿಲ್ 1ರಂದು ಆಯಿತು.

ಒಂದೇ ಕಥೆ

ನಾಲ್ಕು ಪ್ರಸಂಗ ತುರುಕಬೇಡಿ. ಸಭೆಯ ಎಲ್ಲರೂ ಅನುಭವಿಸಿದ ಒಂದನ್ನು ಆರಿಸಿ. ನಾವು ನೋಟು ರದ್ದಾದ ದಿನಗಳನ್ನು ಆರಿಸಿದೆವು. 2016ರ ನವೆಂಬರ್ 8ರ ರಾತ್ರಿ ಘೋಷಣೆಯಾಯಿತು, ಮರುದಿನ ಬ್ಯಾಂಕ್ ಮುಚ್ಚಿತ್ತು, 10ರಂದು ಬಾಗಿಲು ತೆರೆಯಿತು. ಗಿರಾಕಿಗಳೂ ಕ್ಯೂನಲ್ಲಿ ನಿಂತವರೇ. ಹಾಗಾಗಿ ಭಾಷೆ ಬಾರದಿದ್ದರೂ ಕಥೆ ಅವರದೇ.

‘ಫ್ರೆಂಡ್ಸ್, ಡೂ ಯೂ ರಿಮೆಂಬರ್ ದಿ ಟೆನ್ತ್ ಆಫ್ ನವೆಂಬರ್? ಶಟರ್ ಎತ್ತುವ ಮೊದಲೇ ಕ್ಯೂ ರಸ್ತೆಯ ತಿರುವು ದಾಟಿತ್ತು. ಮಧ್ಯಾಹ್ನದ ಹೊತ್ತಿಗೆ ಕ್ಯಾಶ್ ಮುಗಿಯಿತು. ಹೊರಗೆ ಹೋಗಿ ಹೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಪ್ಯೂನ್ ಹೋಗಿ ಹೇಳಿದರು, ಮರಾಠಿಯಲ್ಲಿ, ಕೈ ಮುಗಿದು. ಒಬ್ಬರೂ ಗಲಾಟೆ ಮಾಡಲಿಲ್ಲ. ಎದುರಿನ ಅಂಗಡಿಯವರು ನಮಗೇ ಚಹಾ ಕಳಿಸಿದರು.’

ಆ ಪ್ಯೂನ್, ಆ ಅಂಗಡಿಯವರು ಇಬ್ಬರೂ ಸಭೆಯಲ್ಲಿದ್ದರು. ಹೆಸರು ಹೇಳಿದಾಗ ಜನ ತಿರುಗಿ ನೋಡಿದರು. ಒಳ್ಳೆಯ ಕೆಲಸಕ್ಕೆ ಹೆಸರು ಹೇಳಬಹುದು, ಆದರೆ ಮೊದಲೇ ಅವರನ್ನು ಕೇಳಿಕೊಳ್ಳಿ. ಯಾರ ಸಾಲ ಹೇಗೆ ಸ್ಯಾಂಕ್ಷನ್ ಆಯಿತು, ಯಾರ ಮನೆಗೆ ರಿಕವರಿಗೆ ಹೋಗಿದ್ದಿರಿ ಎಂಬ ಕಥೆ, ಹೆಸರು ಬಿಟ್ಟರೂ, ಬೇಡ. ಡೊಂಬಿವಲಿಯಲ್ಲಿ ಎರಡು ಗುರುತು ಸಿಕ್ಕರೆ ಜನ ಹೆಸರು ಹಿಡಿದುಬಿಡುತ್ತಾರೆ. ಗಿರಾಕಿಯ ಗುಟ್ಟು ಕಾಯುತ್ತೇನೆಂದು ಕೆಲಸಕ್ಕೆ ಸೇರುವಾಗ ಮಾಡಿದ ಸಹಿ ನಿವೃತ್ತಿಯ ಮರುದಿನ ಅಳಿಸಿಹೋಗುವುದಿಲ್ಲ.

ಧನ್ಯವಾದ

ಕೃತಜ್ಞತೆ ಪಡೆಯುವವರಿಗೆ ಅರ್ಥವಾಗಬೇಕು. ಹಾಗಾಗಿ ಇಲ್ಲಿ ಮಾತ್ರ ಭಾಷೆ ಬದಲಿಸಿ, ಒಬ್ಬೊಬ್ಬರಿಗೆ ಒಂದು ವಾಕ್ಯ. ಮೇಲಧಿಕಾರಿಯಿಂದ ಶುರುಮಾಡದೆ ಪ್ಯೂನ್, ಗುಡಿಸುವವರಿಂದ ಶುರುಮಾಡಿ, ಪಟ್ಟಿ ಉದ್ದವಾದಾಗ ಕಳೆದುಹೋಗುವ ಹೆಸರುಗಳು ಅವೇ. ಮರಾಠಿಯಲ್ಲಿ ‘ತುಮ್ಚೇ ಮನಾಪಾಸೂನ್ ಆಭಾರ್’ ಸಾಕು. ‘ಮೀ ತುಮ್ಚಾ ಆಭಾರಿ ಆಹೇ’ ಎಂದೂ ಹೇಳಬಹುದು. ಆದರೆ ಅದರ ‘ಚಾ’ ಮರಾಠಿಯಲ್ಲಿ ‘ತ್ಸಾ’ ಎಂಬಂತೆ ಕೇಳಿಸುತ್ತದೆ, ನಮ್ಮ ನಾಲಿಗೆ ಅಲ್ಲಿ ತಡವರಿಸುತ್ತದೆ. ಮೊದಲಿನದರ ‘ಚೇ’ ನಮ್ಮದರಂತೆಯೇ ಇದೆ. ಉಳಿದವರಿಗೆ ‘ಐ ಲರ್ನ್ಡ್ ಮೈ ವರ್ಕ್ ಫ್ರಮ್ ಯೂ’ ಎಂಬಂಥ ಚಿಕ್ಕ ಇಂಗ್ಲಿಷ್. ಊರವರಿಗೆ ತುಳುವಿನಲ್ಲಿ ‘ಮಾತೆರೆಗ್‌ಲಾ ಸೊಲ್ಮೆಲು’. ಮನೆಯವರ ಮಾತು ಕೊನೆಗಿರಲಿ, ಮನೆಯಲ್ಲಿ ಆಡುವ ಭಾಷೆಯಲ್ಲೇ ಇರಲಿ, ಯಾರಿಗೂ ಅನುವಾದ ಬೇಡ.

ಪೋಸ್ಟ್‌ಕಾರ್ಡಿನಷ್ಟು ದೊಡ್ಡ ನಾಲ್ಕು ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳಿ, ಇಂಗ್ಲಿಷ್, ಮರಾಠಿ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದು ಕೆಳಗೆ ಗೆರೆ ಎಳೆಯಿರಿ. ಓದುತ್ತಾ ಲಿಪಿ ಬದಲಾದರೆ ಕಣ್ಣು ಒಂದು ಕ್ಷಣ ನಿಲ್ಲುತ್ತದೆ, ಭಾವ ತುಂಬಿದ ಹೊತ್ತಿನಲ್ಲಿ ಅಷ್ಟಕ್ಕೇ ಸಾಲು ತಪ್ಪುತ್ತದೆ. ಕೊನೆಯ ಮಾತು ‘ನಮಸ್ಕಾರ’ವಾಗಲಿ, ಸಭೆಯ ಎಲ್ಲರಿಗೂ ತಿಳಿಯುತ್ತದೆ. ಕೂತ ಮೇಲೆ ಬಿಟ್ಟುಹೋದ ಹೆಸರು ನೆನಪಾದರೆ ಮತ್ತೆ ಮೈಕ್ ಕೇಳಬೇಡಿ. ಚೀಟಿಯಲ್ಲಿ ಬರೆದು ನಿರೂಪಕರ ಕೈಗೆ ಕೊಡಿ, ವಂದನಾರ್ಪಣೆಯಲ್ಲಿ ಅವರು ಸೇರಿಸಿ ಓದುತ್ತಾರೆ.