ಉದ್ರಿ ಮಿತಿ ಏರಿಸಲು ಕೇಳುವ ಪತ್ರ: ನೇರ ಅನುಪಾತದ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ 8ನೆಯ ತರಗತಿಗೆ ನೇರ ಅನುಪಾತ ಕಲಿಸುವ ಪಾಠ ನನ್ನ ಪಾಲಿಗೆ ಬಂದಿತ್ತು. ಪೆನ್ನಿನ ಬೆಲೆ, ಕಾರಿನ ವೇಗ ಮುಂತಾದ ಉದಾಹರಣೆಗಳು ಮಕ್ಕಳಿಗೆ ಆಗಲೇ ಗೊತ್ತಿದ್ದವು. ಉತ್ತರದ ಮೇಲೆ ಒಂದು ನಿರ್ಧಾರ ನಿಂತಿರುವಂಥ ಲೆಕ್ಕ ನನಗೆ ಬೇಕಿತ್ತು. ತರಗತಿಯ ಒಬ್ಬ ವಿದ್ಯಾರ್ಥಿಯ ತಂದೆಗೆ ಕಿರಾಣಿ ಅಂಗಡಿಯಿದೆ. ಸಗಟು ವ್ಯಾಪಾರಿಯ ಬಳಿ ತಮ್ಮ ಉದ್ರಿ ಮಿತಿಯನ್ನು, ವ್ಯಾಪಾರಿಗಳ ಮಾತಿನಲ್ಲಿ ಕ್ರೆಡಿಟ್ ಲಿಮಿಟನ್ನು, ಏರಿಸಲು ಕೇಳಬೇಕೆಂದು ಅವರು ಯೋಚಿಸುತ್ತಿದ್ದರು. ಆದರೆ ಎಷ್ಟು ಕೇಳಬೇಕು, ಹೇಗೆ ಕೇಳಬೇಕು ಎಂಬುದು ಸ್ಪಷ್ಟವಿರಲಿಲ್ಲ. ಅವರ ಒಪ್ಪಿಗೆ ಪಡೆದು ಆ ಲೆಕ್ಕವನ್ನೇ ಪಾಠಕ್ಕೆ ತಂದೆ. ಇಲ್ಲಿರುವ ಅಂಕಿಗಳನ್ನು ಹಲಗೆಯ ಮೇಲೆ ಸುಲಭವಾಗಲೆಂದು ದುಂಡಾಗಿಸಿದ್ದೇನೆ.

ಮೊದಲು ವ್ಯವಹಾರದ ಕ್ರಮ. ಅವರು ಪ್ರತಿ ಸೋಮವಾರ ಮಾಲು ಎತ್ತುತ್ತಾರೆ. ಪ್ರತಿ ಬಿಲ್ಲಿಗೂ 21 ದಿನಗಳ ಗಡುವು. ನಾಲ್ಕನೆಯ ಸೋಮವಾರ ಮೊದಲ ಬಿಲ್ಲಿನ ಹಣ ಕಟ್ಟಿ, ಹೊಸ ಮಾಲು ಎತ್ತುತ್ತಾರೆ. ಹಾಗಾಗಿ ಮಾಲು ಎತ್ತಿದ ಕ್ಷಣದಲ್ಲಿ ಖಾತೆಯಲ್ಲಿ ಯಾವಾಗಲೂ ಮೂರು ಬಿಲ್ಲುಗಳು ಬಾಕಿ ಇರುತ್ತವೆ. ಈ ಒಟ್ಟು ಬಾಕಿ 60,000 ರೂಪಾಯಿ ದಾಟಬಾರದು ಎಂಬುದೇ ಅವರ ಉದ್ರಿ ಮಿತಿ.

ಗಡುವು ಮತ್ತು ಮಿತಿ ಎರಡೂ ಬೇರೆ ಎಂಬುದನ್ನು ಮನವರಿಕೆ ಮಾಡಿಸಲು ಹೆಚ್ಚು ಸಮಯ ಕೊಟ್ಟೆ. ಒಂದು ದಿನವೂ ತಡಮಾಡದೆ ಹಣ ಕಟ್ಟುವವರಿಗೆ ಮಿತಿ ಏಕೆ ಅಡ್ಡ ಬರಬೇಕು ಎಂದು ಮಕ್ಕಳು ಕೇಳಿದರು. ಉತ್ತರ ಅವರಿಂದಲೇ ಬರಲೆಂದು ವಾರದ ಖರೀದಿಯನ್ನು ಹಲಗೆಯ ಮೇಲೆ ಬರೆದೆ. ಜುಲೈನಲ್ಲಿ ವಾರಕ್ಕೆ 16,000 ರೂಪಾಯಿಯ ಮಾಲು. ಅಲ್ಲಿಂದ ತಿಂಗಳಿಗೆ 1,500ರಂತೆ ಏರಿ ಆಗಸ್ಟ್‌ನಲ್ಲಿ 17,500, ಸೆಪ್ಟೆಂಬರ್‌ನಲ್ಲಿ 19,000, ಅಕ್ಟೋಬರ್‌ನಲ್ಲಿ 20,500, ನವೆಂಬರ್‌ನಲ್ಲಿ 22,000. ಪ್ರತಿಯೊಂದನ್ನೂ ಮೂರರಿಂದ ಗುಣಿಸಿ ಎಂದೆ. ಜುಲೈನ ಬಾಕಿ 48,000, ಸೆಪ್ಟೆಂಬರಿನದು 57,000. ಅಕ್ಟೋಬರಿಗೆ ಬಂದಾಗ 61,500 ಆಗಿ ಮಿತಿ ದಾಟಿತು. ನವೆಂಬರಿನದು 66,000. ಇಲ್ಲಿ ವಾರದ ಖರೀದಿ ಚರ, ಬಾಕಿ ಅದಕ್ಕೆ ನೇರ ಅನುಪಾತದಲ್ಲಿದೆ, ಸ್ಥಿರಾಂಕ 3. ಬೆಳವಣಿಗೆಯೊಂದೇ ಬಾಕಿಯನ್ನು ಮಿತಿಗೆ ಮುಟ್ಟಿಸಬಲ್ಲದು. 60,000ವನ್ನು 3ರಿಂದ ಭಾಗಿಸಿದರೆ ವಾರಕ್ಕೆ 20,000. ಅದಕ್ಕಿಂತ ಹೆಚ್ಚು ಮಾಲು ಈ ಮಿತಿಯಲ್ಲಿ ಸಿಗುವುದೇ ಇಲ್ಲ.

ಹಾಗಿದ್ದರೂ ನವೆಂಬರಿನಲ್ಲಿ 22,000ದ ಮಾಲು ಬಂದದ್ದು ಹೇಗೆ? ಹಳೆಯ ಬಿಲ್ಲು ಕಟ್ಟಿದ ಮೇಲೆ 44,000 ಬಾಕಿ ಉಳಿಯುತ್ತದೆ. ಮಿತಿಯಲ್ಲಿ ಜಾಗ ಇರುವುದು 16,000ಕ್ಕೆ ಮಾತ್ರ. ಉಳಿದ 6,000ಕ್ಕಾಗಿ ಅವರು ಮುಂದಿನ ಸೋಮವಾರ ಕಟ್ಟಬೇಕಾದ ಬಿಲ್ಲಿನಲ್ಲಿ ಅಷ್ಟನ್ನು ಒಂದು ವಾರ ಮೊದಲೇ ಕಟ್ಟುತ್ತಿದ್ದರು. ಮುಂದಿನ ವಾರ ಮತ್ತೆ ಅದೇ ಕಥೆ. ಹೀಗೆ ಅವರ ಕೈಯ 6,000 ಸದಾ ಸಗಟು ಅಂಗಡಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಇನ್ನು ಕೆಲವು ಅಂಗಡಿಯವರು ಹಾಗೆ ಕಟ್ಟಲಾಗದೆ ಮಾಲನ್ನೇ ಕಡಿಮೆ ಎತ್ತುತ್ತಾರೆ. ಆಗ ಖಾತೆ ನೋಡಿದವರಿಗೆ ಖರೀದಿ 20,000ಕ್ಕೆ ನಿಂತಂತೆ ಕಾಣುತ್ತದೆ, ಬೇಡಿಕೆ ಬೆಳೆದಿರುವುದು ಕಾಣುವುದಿಲ್ಲ. ಮಿತಿ ಮುಟ್ಟಿ ಬಹಳ ದಿನ ಸುಮ್ಮನಿದ್ದರೆ ಕೇಳಲು ಬೇಕಾದ ಸಾಕ್ಷಿಯೇ ಖಾತೆಯಿಂದ ಮಾಯವಾಗುತ್ತದೆ.

ನನ್ನ ಮಟ್ಟಿಗೆ ಪಾಠದ ತಿರುಳು ಮುಂದಿನ ಪ್ರಶ್ನೆ. ಇಬ್ಬರು ಅಂಗಡಿಯವರ ಬಾಕಿಯೂ 66,000. ಮೊದಲನೆಯವರು ವಾರಕ್ಕೆ 22,000ದ ಮಾಲು ಎತ್ತಿ ಮೂರು ವಾರದಲ್ಲಿ ಕಟ್ಟುತ್ತಾರೆ. ಎರಡನೆಯವರು ವಾರಕ್ಕೆ 16,500ರ ಮಾಲು ಎತ್ತಿ ನಾಲ್ಕು ವಾರ ತೆಗೆದುಕೊಳ್ಳುತ್ತಾರೆ. ನೀವು ಸಗಟು ವ್ಯಾಪಾರಿಯಾದರೆ ಯಾರ ಮಿತಿ ಏರಿಸುತ್ತೀರಿ? ಗುಂಪುಗಳು ಬಾಕಿಯನ್ನು ಎರಡು ಅಪವರ್ತನಗಳಾಗಿ ಬಿಡಿಸಿ ನೋಡಿದವು. ಒಬ್ಬರದು ಖರೀದಿ ಬೆಳೆದದ್ದರಿಂದ ಆದ ಬಾಕಿ, ಇನ್ನೊಬ್ಬರದು ದಿನ ಬೆಳೆದದ್ದರಿಂದ ಆದ ಬಾಕಿ. ಎರಡನೆಯವರು ಕೇಳುತ್ತಿರುವುದು ಹೆಸರಿಗೆ ಮಿತಿಯಾದರೂ ನಿಜಕ್ಕೂ ಇನ್ನೊಂದು ವಾರದ ಗಡುವು. ಆದ್ದರಿಂದ ಪತ್ರದಲ್ಲಿ ಬಾಕಿಯ ಮೊತ್ತವೊಂದನ್ನೇ ತೋರಿಸಿದರೆ ಕೆಲಸವಾಗದು. ಖರೀದಿ ಏರಿದೆ, ದಿನ ಏರಿಲ್ಲ ಎಂಬ ಎರಡೂ ಮಾತು ಅಂಕಿಯೊಡನೆ ಬರಬೇಕು.

ಈಗ ಎಷ್ಟು ಕೇಳುವುದು? ಗ್ರಾಫಿನ ಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆದವರೇ ಹೆಚ್ಚು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ದೀಪಾವಳಿ ಮುಗಿದ ಮೇಲೆ ಅಷ್ಟೊಂದು ಮೈದಾ, ಡಾಲ್ಡಾ ಯಾರು ತಗೋತಾರೆ?" ಎಂದಳು. ಪಾಠ ಯೋಜನೆಯಲ್ಲಿ ನಾನು ಕೇಳಲೆಂದು ಇಟ್ಟುಕೊಂಡಿದ್ದ ಪ್ರಶ್ನೆಗಿಂತ ಇದು ಚೆನ್ನಾಗಿತ್ತು. ಬಿಲ್ಲುಗಳಲ್ಲಿ ಹಬ್ಬದ ಮಾಲನ್ನು ಬೇರೆ ಮಾಡಿದಾಗ ನವೆಂಬರಿನ 22,000ದಲ್ಲಿ ಸುಮಾರು 1,000 ಹಬ್ಬದ್ದು. ಉಳಿದದ್ದು 21,000. ಜುಲೈಯಿಂದ ನಾಲ್ಕು ತಿಂಗಳಲ್ಲಿ 5,000 ಏರಿಕೆ, ಅಂದರೆ ತಿಂಗಳಿಗೆ 1,250. ಮೂರು ತಿಂಗಳ ಮುಂದಿನ ಫೆಬ್ರವರಿಗೆ ವಾರಕ್ಕೆ 24,750, ಬಾಕಿ 74,250. ಹಾಗಾಗಿ 75,000 ಎಂದು ನಿರ್ಧರಿಸಿದರು. ಒಂದು ಲಕ್ಷ ಕೇಳಿ ಚೌಕಾಸಿಗೆ ಬಿಡೋಣ ಎಂದ ಗುಂಪಿಗೆ, ಆ ಒಂದು ಲಕ್ಷ ವಾರಕ್ಕೆ ಎಷ್ಟು ಖರೀದಿಯನ್ನು ಸೂಚಿಸುತ್ತದೆಂದು ಲೆಕ್ಕ ಹಾಕಲು ಹೇಳಿದೆ. 33,000ಕ್ಕೂ ಹೆಚ್ಚು ಬಂತು. ಅಷ್ಟು ಮಾರಾಟವಾಗುವುದೆಂದು ನಂಬಿಸಲು ಅವರ ಬಳಿ ಒಂದೂ ಬಿಲ್ಲಿರಲಿಲ್ಲ.

ಪತ್ರ ಬರೆಯುವ ಮೊದಲು ಒಬ್ಬ ಹುಡುಗ ಸಗಟು ವ್ಯಾಪಾರಿಯ ಪಾತ್ರ ವಹಿಸಿ ಪ್ರಶ್ನೆ ಕೇಳಿದ. ಅವನ ಒಂದು ಪ್ರಶ್ನೆ ಎಲ್ಲರನ್ನೂ ನಿಲ್ಲಿಸಿತು: "ಹೆಚ್ಚಾದ ಮಾಲು ನಗದಿಗೆ ಹೋಗ್ತಿದೆಯಾ, ಉದ್ರಿಗಾ?" ಗಿರಾಕಿಗಳು ಫಸಲು ಬಂದ ಮೇಲೆ ಕೊಡುವುದಾದರೆ 21 ದಿನಕ್ಕೆ ಬಿಲ್ಲು ಕಟ್ಟುವ ಹಣ ಎಲ್ಲಿಂದ ಬರಬೇಕು? ಅಂಥ ಅಂಗಡಿಗೆ ಮಿತಿ ಏರಿಸಿದರೆ ಹೊಸ ಮಿತಿಯೂ ಬೇಗ ತುಂಬುತ್ತದೆ, ಜೊತೆಗೆ ಗಡುವೂ ತಪ್ಪುತ್ತದೆ. ನಮ್ಮ ಅಂಗಡಿಯವರ ಹೆಚ್ಚಿನ ಮಾರಾಟ ನಗದು ಮತ್ತು ಯುಪಿಐ ಮೂಲಕವೇ ಆಗಿದ್ದರಿಂದ ಆ ವಾಕ್ಯವೂ ಪತ್ರಕ್ಕೆ ಸೇರಿತು. ತರಗತಿ ಸಿದ್ಧಪಡಿಸಿದ ಒಕ್ಕಣೆ ಇದು:

"ಮಾನ್ಯರೇ, ಜುಲೈನಲ್ಲಿ ವಾರಕ್ಕೆ 16,000 ರೂಪಾಯಿ ಇದ್ದ ನಮ್ಮ ಖರೀದಿ ನವೆಂಬರಿನಲ್ಲಿ 22,000 ಆಗಿದೆ. ಇದರಲ್ಲಿ ಹಬ್ಬದ ಮಾಲು ಸುಮಾರು 1,000. ಈ ಅವಧಿಯ ಎಲ್ಲ ಬಿಲ್ಲುಗಳನ್ನೂ 21 ದಿನಗಳೊಳಗೆ ಕಟ್ಟಿದ್ದೇವೆ. ಅಕ್ಟೋಬರಿನಿಂದ ಮಿತಿ ಸಾಲದೆ ಪ್ರತಿ ವಾರ ಸ್ವಲ್ಪ ಹಣವನ್ನು ಗಡುವಿಗೆ ಮೊದಲೇ ಕಟ್ಟಿ ಮಾಲು ಎತ್ತುತ್ತಿದ್ದೇವೆ. ಮಾರಾಟ ಹೆಚ್ಚಾಗಿ ನಗದಿನಲ್ಲೇ ಆಗುತ್ತಿದೆ. ಗಡುವು ಈಗಿನಂತೆಯೇ ಇರಲಿ. ಮಿತಿಯನ್ನು ಮಾತ್ರ 60,000ದಿಂದ 75,000ಕ್ಕೆ ಏರಿಸಬೇಕೆಂದು ಕೋರುತ್ತೇವೆ. ಫೆಬ್ರವರಿ ಕೊನೆಗೆ ಖಾತೆ ನೋಡಿ ತಾವು ಮರುಪರಿಶೀಲಿಸಬಹುದು. ಐದು ತಿಂಗಳ ಬಿಲ್ಲು ಮತ್ತು ಪಾವತಿಯ ಪಟ್ಟಿ ಲಗತ್ತಿಸಿದೆ."

ಅಂಗಡಿಯವರು ಇದನ್ನು ತಮ್ಮ ಕೈಬರಹದಲ್ಲಿ ಬರೆದು ಪಟ್ಟಿಯೊಡನೆ ಕೊಟ್ಟರು. ಸಗಟು ವ್ಯಾಪಾರಿ ತಕ್ಷಣಕ್ಕೆ 70,000ಕ್ಕೆ ಒಪ್ಪಿ, ಉಳಿದದ್ದನ್ನು ಫೆಬ್ರವರಿಯಲ್ಲಿ ನೋಡೋಣ ಎಂದಿದ್ದಾರೆ. ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆಯೂ ಅದೇ ಆಯಿತು: 70,000ದ ಮಿತಿಯಲ್ಲಿ, ಹಬ್ಬ ಬಿಟ್ಟು 21,000ದಿಂದ ತಿಂಗಳಿಗೆ 1,250ರಂತೆ ಖರೀದಿ ಏರುತ್ತಾ ಹೋದರೆ ಯಾವ ತಿಂಗಳಲ್ಲಿ ಮತ್ತೆ ಮೊದಲೇ ಹಣ ಕಟ್ಟಬೇಕಾಗುತ್ತದೆ? ಜನವರಿ ಎಂದು ಹೆಚ್ಚಿನವರು ಸರಿಯಾಗಿ ಬರೆದರು. ಅಂಗಡಿಯವರ ಮಗ ಮಾತ್ರ ಅದರ ಕೆಳಗೆ ಆ ತಿಂಗಳಿನ ಕೊರತೆಯನ್ನೂ ಬರೆದಿದ್ದ: 500 ರೂಪಾಯಿ.